‘ಹಳೆ ಬಟ್ಟೆ, ಮೂಟೆ’ ಅಂತ ಬರೆದರೆ ಸಾಲದು

2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ ದೇವದುರ್ಗ, ಲಿಂಗಸುಗೂರು ಕಡೆ ಹೊಳೆದಂಡೆಯ ಊರುಗಳು ತೊಂದರೆಗೆ ಸಿಕ್ಕಿದ್ದವು. ನಾನು ರಾಯಚೂರಿನಲ್ಲಿ ಅವರಿಗಾಗಿ ದಾನದ ವಸ್ತು ಸೇರಿಸುತ್ತಿದ್ದ ಒಂದು ಸಂಗ್ರಹ ಕೇಂದ್ರದಲ್ಲಿ ಬಟ್ಟೆ ವಿಭಾಗದಲ್ಲಿದ್ದೆ. ಒಂದು ಸಂಜೆ ಕಾಳಜಿ ಕೇಂದ್ರದಿಂದ ಫೋನ್ ಬಂತು.

“ಅಕ್ಕಾರ, ಎಂಟ್ಹತ್ತು ವರ್ಷದ ಹುಡುಗೇರ ಬಟ್ಟಿ ಜಲ್ದಿ ಕಳಸ್ರಿ. ಹಸಿ ಬಟ್ಟಿ ಮ್ಯಾಲೇ ಕುಂತಾವು.”

ಗಾಡಿ ಬಾಗಿಲಲ್ಲೇ ನಿಂತಿತ್ತು. ರಿಜಿಸ್ಟರ್ ತೆಗೆದರೆ ಪುಟದ ತುಂಬ ‘ಹಳೆ ಬಟ್ಟೆ, ಮೂಟೆ’. ಒಂದೊಂದೇ ಬಿಚ್ಚುತ್ತಾ ಹೋದೆವು. ಒಂದರಲ್ಲಿ ಸೀರೆ, ಇನ್ನೊಂದರಲ್ಲಿ ಬರೀ ಪ್ಯಾಂಟು. ಡ್ರೈವರ್ ಎರಡು ಸಲ ಹಾರ್ನ್ ಹೊಡೆದ. ಕೊನೆಗೊಂದು ಮೂಟೆಯಲ್ಲಿ ಫ್ರಾಕುಗಳು ಸಿಕ್ಕವು, ಒಂದು ಕೌದಿಯ ಕೆಳಗೆ. ಕೌದಿಯ ಮೇಲ್ಪದರ ಒಣಗಿತ್ತು, ಒಳಪದರ ಹಸಿಯಾಗೇ ಇತ್ತು. ಅದರ ತೇವಕ್ಕೆ ಫ್ರಾಕುಗಳ ಮೇಲೆಲ್ಲ ಬೂಷ್ಟಿನ ಕಪ್ಪು ಚುಕ್ಕಿ. ಒಂದನ್ನೂ ಕಳಿಸುವ ಹಾಗಿರಲಿಲ್ಲ. ಆ ಫೋನಿನ ದನಿ ಇವತ್ತಿಗೂ ಚುಚ್ಚುತ್ತದೆ.

ಮೇಲಿನವರು ಕೊಟ್ಟ ನಮೂನೆಯಲ್ಲಿ ದಾನಿಯ ಹೆಸರು, ವಸ್ತು, ಸಂಖ್ಯೆ ಇಷ್ಟೇ ಇತ್ತು. ಯಾರು ಕೊಟ್ಟರು ಅನ್ನೋದು ಗೊತ್ತಾಗುತ್ತಿತ್ತು. ಯಾರಿಗೆ ಆಗುತ್ತದೆ ಅನ್ನೋದು ಗೊತ್ತಾಗುತ್ತಿರಲಿಲ್ಲ.

ಮರುದಿನದಿಂದ ಮೊದಲು ಸ್ಥಿತಿ ನೋಡಿದೆವು, ಆಮೇಲೆ ವಿಧ, ಕೊನೆಗೆ ಅಳತೆ. ಹರಿದದ್ದಕ್ಕೆ ಅಳತೆ ತೆಗೆದು ಹೊತ್ತು ಕಳೆಯುವುದೇಕೆ, ಅಲ್ವಾ? ತೇವ ಇದೆಯಾ ಅಂತ ಬಟ್ಟೆಯ ನಡುವೆ ಮುಟ್ಟಿದರೆ ತಿಳಿಯುವುದಿಲ್ಲ. ಸೊಂಟಪಟ್ಟಿ, ಕಾಲರ್, ದಪ್ಪ ಹೊಲಿಗೆ ಇರುವಲ್ಲಿ ಅಂಗೈಯ ಹಿಂಬದಿ ಒತ್ತಬೇಕು. ತಣ್ಣಗಿದ್ದರೆ, ಮುಗ್ಗಲು ವಾಸನೆ ಬಂದರೆ, ಹಗ್ಗದ ಮೇಲೆ ಹಾಕಬೇಕು. ಕೌದಿಯನ್ನು ಯಾವತ್ತೂ ಬೇರೆ ಬಟ್ಟೆ ಜೊತೆ ಕಟ್ಟಬಾರದು.

ಅಳತೆಗೆ ಚೀಟಿ ನಂಬಲಿಲ್ಲ. ಒಂದೊಂದು ಕಂಪನಿಯ ನಂಬರ್ ಒಂದೊಂದು ಥರ, ಎಷ್ಟೋ ಚೀಟಿ ಅಳಿಸಿಹೋಗಿರುತ್ತವೆ. ಮೇಜಿನ ಅಂಚಿಗೆ ಟೇಪು ಅಂಟಿಸಿದೆವು. ಪ್ಯಾಂಟನ್ನು ಚಪ್ಪಟೆಯಾಗಿ ಹಾಸಿದಾಗ ಸೊಂಟ ಈ ಅಂಚಿಂದ ಆ ಅಂಚಿಗೆ 16 ಇಂಚು ಬಂದರೆ 32 ಅಂತ ಬರೆದೆವು. ಮಕ್ಕಳ ಬಟ್ಟೆಯ ಉದ್ದ ಅಳೆದು, ಸುಮಾರು ಯಾವ ವಯಸ್ಸಿಗೆ ಆಗುತ್ತದೆ ಅಂತ ಗುಂಪು ಮಾಡಿದೆವು. ಸೀರೆಗೂ ಲಾಡಿಯ ಪರಕಾರಕ್ಕೂ ಈ ಕೆಲಸ ಬೇಕಿಲ್ಲ. ಜಂಪರ್‌ಗೆ ಮಾತ್ರ ಎದೆಸುತ್ತಳತೆ ಬರೆಯಲೇಬೇಕು, ಇಲ್ಲದಿದ್ದರೆ ಸೀರೆ ಸಿಕ್ಕರೂ ಉಡಲಾಗದೆ ಹೆಣ್ಣುಮಕ್ಕಳು ಕೂರಬೇಕಾಗುತ್ತದೆ.

ಚೀಲದ ಬಾಯಿ ಕಟ್ಟುವ ಮುಂಚೆ ಎಣಿಸಿ, ಎರಡೂ ಬದಿಗೆ ಮಾರ್ಕರ್‌ನಲ್ಲಿ ಬರೆದೆವು: ‘ಚೀಲ 14, ಹುಡುಗಿ, ಫ್ರಾಕು, 8–10 ವರ್ಷ, 25, ಒಗೆದದ್ದು’. ರಿಜಿಸ್ಟರಿನಲ್ಲೂ ಅದೇ ಸಾಲು. ಚೀಲ ಹೊರಗೆ ಹೋದಾಗ ಅದೇ ಸಾಲಿನ ಕೊನೆಗೆ ಊರು, ತಾರೀಖು. ಬೇರೆ ಪುಟದಲ್ಲಿ ಬರೆದರೆ ಖಾಲಿಯಾದ ಚೀಲವನ್ನೂ ಇದೆ ಅಂತಲೇ ಹುಡುಕುತ್ತಾ ಕೂರುತ್ತೀರಿ.

ಸಂಜೆಯ ವರದಿಗೆ ಮಾತ್ರ ಮೇಲಿನವರು ಕೊನೆಯವರೆಗೂ ಮೂಟೆ ಲೆಕ್ಕವನ್ನೇ ಕೇಳಿದರು. ಅದನ್ನು ಬೇರೆ ಹಾಳೆಯಲ್ಲಿ ಕೊಟ್ಟು, ನಮ್ಮ ಪುಸ್ತಕವನ್ನು ಫೋನಿನ ಪಕ್ಕದಲ್ಲೇ ಇಟ್ಟುಕೊಂಡೆವು.