ಅಮ್ಮನ ಬಿ.ಪಿ. ಪುಸ್ತಕ: ಪುಂಡಿ ಚಹಾ, ಮೆಗ್ನೀಸಿಯಂ, ಬೆಳ್ಳುಳ್ಳಿ ಮತ್ತು ಡಾಕ್ಟರ್ ಕೊಟ್ಟ ಮಾತ್ರೆ

ಅಕ್ಟೋಬರ್, ಮಳೆ ಬಿಟ್ಟ ಮೇಲೆ

ಕುಶಾಲನಗರದ ಕಡೆಯ ನಮ್ಮ ಹಿತ್ತಲಲ್ಲಿ ಜೂನ್‌ನಲ್ಲಿ ಹಾಕಿದ ಕೆಂಪು ಪುಂಡಿ ಈಗ ಹೂ ಬಿಡುತ್ತಿದೆ. ಮಡಿಕೇರಿ ಕಡೆಯ ಮಳೆಗೆ ಇದರ ಬುಡ ಕೊಳೆಯುತ್ತದೆ, ನಮ್ಮ ಕಡೆ ನೀರು ನಿಲ್ಲದ ಜಾಗದಲ್ಲಿ ಚೆನ್ನಾಗಿಯೇ ಬಂದಿದೆ. ಹೂ ಬಾಡಿ ಉದುರಿದ ಮೇಲೆ ಕಾಯಿಯ ಸುತ್ತ ಉಳಿಯುವ ದಪ್ಪ, ಹುಳಿ ಎಸಳನ್ನು ಬಿಡಿಸಿ ಒಣಗಿಸಿದರೆ ಅದೇ ಹೈಬಿಸ್ಕಸ್ ಚಹಾದ ಸೊಪ್ಪು. ಪಕ್ಕದ ಮನೆಯವರು ಬೇಲಿಯ ದಾಸವಾಳದ ಹೂ ಕಿತ್ತು ಕಳಿಸಿದ್ದರು. ಅದು ಇದೇ ಕುಲದ ಬೇರೆ ಗಿಡ. ಬಿ.ಪಿ. ಬಗ್ಗೆ ನಡೆದ ಮುಖ್ಯ ಪರೀಕ್ಷೆಗಳೆಲ್ಲ ಹೈಬಿಸ್ಕಸ್ ಸಬ್ಡಾರಿಫಾ, ಅಂದರೆ ಈ ಪುಂಡಿಯ ಎಸಳಿನ ಮೇಲೆ ನಡೆದವು. ಅಲ್ಲಿ ಬಂದ ಫಲವನ್ನು ಬೇಲಿಯ ದಾಸವಾಳಕ್ಕೆ ಹಚ್ಚಲು ಬರುವುದಿಲ್ಲ.

ಅಮ್ಮನಿಗೆ ಅರವತ್ತು ದಾಟಿದೆ. ಬೆಳಗ್ಗೆ ಎದ್ದ ಕೂಡಲೆ ಥೈರಾಯ್ಡ್ ಮಾತ್ರೆ, ತಿಂಡಿಯಾದ ಮೇಲೆ ಬಿ.ಪಿ.ಗೆ ಒಂದೇ ಮಾತ್ರೆ. ಅದರಲ್ಲಿ ಟೆಲ್ಮಿಸಾರ್ಟಾನ್ 40 ಮಿ.ಗ್ರಾಂ, ಹೈಡ್ರೋಕ್ಲೋರೋಥಯಜೈಡ್ 12.5 ಮಿ.ಗ್ರಾಂ ಸೇರಿವೆ. ಮೊದಲನೆಯದು ರಕ್ತನಾಳ ಬಿಗಿಯದಂತೆ ತಡೆಯುತ್ತದೆ, ಎರಡನೆಯದು ಉಪ್ಪು ಮತ್ತು ನೀರನ್ನು ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಚಹಾದ ಮಾತು ಎತ್ತಿದಾಗ ಡಾಕ್ಟರ್ ಬೇಡ ಅನ್ನಲಿಲ್ಲ. "ಮಾತ್ರೆ ಒಂದು ದಿನವೂ ತಪ್ಪಬಾರದು. ಮೊದಲು ರಕ್ತ ಪರೀಕ್ಷೆ ಮಾಡಿಸಿ, ಒಂದು ವಾರ ಬಿ.ಪಿ. ಬರೆದು ತನ್ನಿ. ಆಮೇಲೆ ಒಂದೊಂದೇ ಶುರು ಮಾಡಿ" ಅಂದರು. ಮೂತ್ರಪಿಂಡದ ಕೆಲಸ ಹೇಗಿದೆಯೆಂದು ತೋರಿಸುವ ಕ್ರಿಯಾಟಿನಿನ್, ಜೊತೆಗೆ ಸೋಡಿಯಂ, ಪೊಟ್ಯಾಸಿಯಂ ಮೂರೂ ಸರಿಯಾಗಿವೆ.

ಅಳೆಯುವ ರೀತಿ ಹೀಗಿಟ್ಟುಕೊಂಡೆವು. ಬೆನ್ನು ಆನಿಸಿ, ಕಾಲು ನೆಲಕ್ಕೆ ಊರಿ ಐದು ನಿಮಿಷ ಮಾತಾಡದೆ ಕೂರುವುದು. ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲೆ, ಪಟ್ಟಿ ಬರಿ ತೋಳಿಗೆ. ಒಂದು ನಿಮಿಷ ಬಿಟ್ಟು ಎರಡು ಸಲ ಅಳತೆ, ಬೆಳಗ್ಗೆ ಬಿ.ಪಿ. ಮಾತ್ರೆಗೆ ಮುಂಚೆ ಒಮ್ಮೆ, ರಾತ್ರಿ ಒಮ್ಮೆ. ನಮ್ಮ ಮನೆಯಲ್ಲಿ ಕಷ್ಟವಾದದ್ದು ಕಾಫಿ: ಅಳೆಯುವ ಅರ್ಧ ಗಂಟೆ ಮುಂಚೆ ಕಾಫಿ ಕುಡಿಯಬಾರದು. ಕಾಫಿ ತೋಟದ ಮನೆಯಲ್ಲಿ ಬೆಳಗಿನ ಕಾಫಿ ತಡ ಮಾಡಲು ಅಮ್ಮನಿಗೆ ಮನಸ್ಸಿರಲಿಲ್ಲ, ಆದರೆ ಥೈರಾಯ್ಡ್ ಮಾತ್ರೆಗೂ ಆ ಅಂತರ ಒಳ್ಳೆಯದೆಂದು ಡಾಕ್ಟರ್ ಹೇಳಿದ ಮೇಲೆ ಒಪ್ಪಿದರು. ಮೊದಲ ದಿನದ ಅಂಕಿ ಬಿಟ್ಟು ಉಳಿದವುಗಳ ಸರಾಸರಿ ತೆಗೆದಾಗ 138/86 ಬಂತು. ಮನೆಯಲ್ಲಿ ಅಳೆದಾಗ 135/85ರಿಂದ ಮೇಲಿದ್ದರೆ ಹೆಚ್ಚು ಎಂದು ಲೆಕ್ಕ. ಅಂದರೆ ಮಾತ್ರೆ ಇದ್ದೂ ಸ್ವಲ್ಪ ಮೇಲಿದೆ.

ಡಿಸೆಂಬರ್, ಹುತ್ತರಿ ಕಳೆದ ಮೇಲೆ

ಎಸಳು ಒಣಗಿ ಡಬ್ಬ ಸೇರಿತು, ಚಹಾ ಶುರುವಾಯಿತು. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದವರು 2010ರಲ್ಲಿ ಪ್ರಕಟಿಸಿದ ಪರೀಕ್ಷೆಯ ಅಳತೆಯನ್ನೇ ಇಟ್ಟುಕೊಂಡೆ: 240 ಮಿ.ಲೀ. ಬಿಸಿನೀರಿಗೆ 1.25 ಗ್ರಾಂ ಒಣ ಎಸಳು, ದಿನಕ್ಕೆ ಮೂರು ಲೋಟ. ಚಿನ್ನದಂಗಡಿಯಲ್ಲಿರುವಂಥ ಸಣ್ಣ ತಕ್ಕಡಿ ಬೇಕಾಯಿತು, ಚಮಚದ ಅಂದಾಜಿಗೆ ಈ ಎಸಳು ಸಿಗುವುದಿಲ್ಲ. ಆ ಪರೀಕ್ಷೆಯಲ್ಲಿ ಆರು ವಾರಕ್ಕೆ ಮೇಲಿನ ಅಂಕಿ ಸರಾಸರಿ 7.2 ಇಳಿದಿತ್ತು, ಸುಮ್ಮನೆ ಬಣ್ಣದ ಪಾನೀಯ ಕುಡಿದವರಲ್ಲಿ 1.3. ಇದನ್ನು ಹೇಳಿಕೊಂಡು ತಿರುಗುವವರು ಒಂದು ಮಾತು ಬಿಡುತ್ತಾರೆ: ಅದರಲ್ಲಿದ್ದ 65 ಜನರಲ್ಲಿ ಯಾರೂ ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಿರಲಿಲ್ಲ. ಅಮ್ಮ ತೆಗೆದುಕೊಳ್ಳುತ್ತಾರೆ. ಹಾಗಾಗಿ ಆ ಏಳು ಅಂಕಿ ಅಮ್ಮನಿಗೂ ಹಾಗೇ ಬರುತ್ತದೆಂದು ನಂಬುವಂತಿಲ್ಲ, ಮಾತ್ರೆಯ ಮೇಲೆ ಚಹಾ ಬಿದ್ದಾಗ ಆಗುವುದನ್ನು ಬೇರೆಯಾಗಿಯೇ ನೋಡಬೇಕು.

ಅದಕ್ಕೇ ಡಾಕ್ಟರ್ ನಿಂತಾಗಿನ ಬಿ.ಪಿ.ಯನ್ನೂ ಬರೆಯಲು ಹೇಳಿದ್ದರು. ಕೂತು ಅಳೆದ ಮೇಲೆ ಎದ್ದು ನಿಂತು ಒಂದು ನಿಮಿಷವಾದಾಗ ಒಮ್ಮೆ, ಮೂರು ನಿಮಿಷವಾದಾಗ ಇನ್ನೊಮ್ಮೆ. ಮೇಲಿನ ಅಂಕಿ 20, ಅಥವಾ ಕೆಳಗಿನದು 10 ಕುಸಿದರೆ ಅದು ಎಚ್ಚರಿಕೆ. ಎರಡನೇ ವಾರದಲ್ಲಿ ಒಂದು ಸಂಜೆ ಅಮ್ಮ ಬಚ್ಚಲಿನಿಂದ ಬಿಸಿನೀರು ಸ್ನಾನ ಮುಗಿಸಿ ಬಂದು "ಕಣ್ಣು ಕತ್ತಲೆ ಬಂದ ಹಾಗಾಯ್ತು ಮಗಾ" ಅಂದರು. ಕೂತಾಗ 132/80, ನಿಂತಾಗ 110/70. ಬೆಳಗಿನ ಅಳತೆಯಷ್ಟನ್ನೇ ನೋಡಿದ್ದರೆ ಎಲ್ಲ ಸರಿಯಾಗಿದೆ ಎಂದೇ ಕಾಣುತ್ತಿತ್ತು.

ನಡೆದದ್ದು ಇಷ್ಟು. ಪುಂಡಿಯ ಕೆಂಪು ಬಣ್ಣದ ಅಂಶಗಳು ರಕ್ತನಾಳ ಬಿಗಿಸುವ ಸರಪಳಿಯಲ್ಲೇ ಒಂದು ಕೊಂಡಿಯನ್ನು ಸ್ವಲ್ಪ ತಡೆಯುತ್ತವೆ, ಟೆಲ್ಮಿಸಾರ್ಟಾನ್ ಕೆಲಸ ಮಾಡುವುದೂ ಅದೇ ಸರಪಳಿಯಲ್ಲಿ. ಚಹಾ ಮೂತ್ರವನ್ನೂ ತುಸು ಹೆಚ್ಚಿಸುತ್ತದೆ, ಅದು ಥಯಜೈಡ್‌ನ ಕೆಲಸ. ಅದರ ಮೇಲೆ ಬಿಸಿನೀರು ಚರ್ಮದ ರಕ್ತನಾಳಗಳನ್ನು ಸಡಿಲಿಸಿತು. ಮೂರೂ ಒಂದೇ ಕಡೆಗೆ ಎಳೆದವು.

"ಮಾತ್ರೆಗೂ ಚಹಾಕ್ಕೂ ನಾಲ್ಕು ಗಂಟೆ ಅಂತರ ಇಟ್ಟಿದ್ದೀವಲ್ಲ ಡಾಕ್ಟ್ರೇ?" ಎಂದು ಫೋನಿನಲ್ಲಿ ಕೇಳಿದೆ. ಟೆಲ್ಮಿಸಾರ್ಟಾನ್ ಇಡೀ ದಿನ ರಕ್ತದಲ್ಲಿರುತ್ತದೆ, ಅಂತರದಿಂದ ಪ್ರಯೋಜನವಿಲ್ಲ ಅಂದರು. ಈ ಪುಸ್ತಕದಲ್ಲಿ ನನಗೆ ಅತಿ ಉಪಯೋಗಕ್ಕೆ ಬಂದ ಮಾತು ಇದು. ಹೊಟ್ಟೆಯಲ್ಲಿ ಒಂದಕ್ಕೊಂದು ಅಂಟಿಕೊಳ್ಳುವ ವಸ್ತುಗಳಿಗೆ ಸಮಯದ ಅಂತರ ಸಾಕು. ಒಂದೇ ರಕ್ತನಾಳದ ಮೇಲೆ ಕೆಲಸ ಮಾಡುವ ಎರಡಕ್ಕೆ ಅಂತರ ಸಾಲದು, ಪ್ರಮಾಣವನ್ನೇ ತಗ್ಗಿಸಬೇಕು. ಚಹಾವನ್ನು ಎರಡು ಲೋಟಕ್ಕೆ ಇಳಿಸಿದೆವು, ಸಂಜೆಯದು ಬಿಟ್ಟೆವು. ವಾಂತಿ, ಭೇದಿ, ಜ್ವರ ಬಂದ ದಿನ ಚಹಾ ಪೂರ್ತಿ ಬಂದ್, ಮತ್ತು ಮಾತ್ರೆಯ ಬಗ್ಗೆ ಕೂಡಲೆ ಡಾಕ್ಟರಿಗೆ ಫೋನು. ಆಮೇಲೆ ನಿಂತಾಗಿನ ಕುಸಿತ ಹತ್ತರ ಆಸುಪಾಸಿಗೆ ಬಂದು ನಿಂತಿತು. ತಿಂಗಳ ಕೊನೆಯ ವಾರದ ಸರಾಸರಿ 133/83.

ಜನವರಿ, ಕಾಫಿ ಕೊಯ್ಲು

ಮೆಗ್ನೀಸಿಯಂ ಮಾತು ಬಂದದ್ದು ಈಗ. ಅಮ್ಮನಿಗೆ ರಾತ್ರಿ ಮೀನಖಂಡ ಹಿಡಿಯುತ್ತದೆ. ಚಿಕ್ಕಮ್ಮ ಮೆಡಿಕಲ್‌ನಿಂದ ಮೆಗ್ನೀಸಿಯಂ ಮಾತ್ರೆಯ ಡಬ್ಬಿ ತಂದುಕೊಟ್ಟು "ಬಿ.ಪಿ.ಗೂ ಒಳ್ಳೇದಂತೆ" ಅಂದರು. ಅವರ ಮಾತು ಸುಳ್ಳಲ್ಲ. 34 ಪರೀಕ್ಷೆಗಳನ್ನು ಒಟ್ಟುಗೂಡಿಸಿ 2016ರಲ್ಲಿ ಬಂದ ವಿಶ್ಲೇಷಣೆಯಲ್ಲಿ ದಿನಕ್ಕೆ ಸುಮಾರು 368 ಮಿ.ಗ್ರಾಂ ಮೆಗ್ನೀಸಿಯಂ ಮೂರು ತಿಂಗಳು ಕೊಟ್ಟಾಗ ಮೇಲಿನ ಅಂಕಿ ಸರಾಸರಿ 2 ಇಳಿದಿತ್ತು. ಆದರೆ ಅಮ್ಮನ ಎರಡು ಅಳತೆಗಳ ನಡುವೆಯೇ ಎಷ್ಟೋ ಸಲ ಆರು ಅಂಕಿ ವ್ಯತ್ಯಾಸ ಇರುತ್ತದೆ. ಎರಡು ಅಂಕಿಯ ಇಳಿಕೆ ನಮ್ಮ ಪುಸ್ತಕದಲ್ಲಿ ಕಾಣುವುದೇ ಇಲ್ಲ, ಕಂಡರೂ ಚಹಾದ್ದೋ ಮೆಗ್ನೀಸಿಯಂದೋ ಹೇಳಲಾಗದು.

ಇನ್ನೊಂದು ಕಡೆಯಿಂದ ನೋಡಿದರೆ ಥಯಜೈಡ್ ಮೂತ್ರದಲ್ಲಿ ಮೆಗ್ನೀಸಿಯಂ ಕಳೆಯುತ್ತದೆ, ಆದ್ದರಿಂದ ಅಮ್ಮನಿಗೆ ಕೊರತೆ ಇರಲೂಬಹುದು. ಅದನ್ನು ಡಾಕ್ಟರಿಗೆ ಹೇಳಿ ರಕ್ತದ ಮೆಗ್ನೀಸಿಯಂ, ಪೊಟ್ಯಾಸಿಯಂ ನೋಡಿಸುವುದು ಸರಿಯಾದ ದಾರಿ. ಮೂತ್ರಪಿಂಡ ಕುಗ್ಗಿದವರಲ್ಲಿ ಮೆಗ್ನೀಸಿಯಂ ಹೊರಗೆ ಹೋಗದೆ ಸೇರಿಕೊಂಡು ಸುಸ್ತು, ನಾಡಿ ನಿಧಾನ, ಬಿ.ಪಿ. ಕುಸಿತ ತರಬಹುದು. ಹಾಗಾಗಿ ಕ್ರಿಯಾಟಿನಿನ್ ನೋಡದೆ ಡಬ್ಬಿ ತೆರೆಯುವಂತಿಲ್ಲ. ಸಮಯದ ಅಂತರ ನಿಜವಾಗಿ ಕೆಲಸಕ್ಕೆ ಬರುವುದೂ ಇಲ್ಲೇ: ಮೆಗ್ನೀಸಿಯಂ ಥೈರಾಯ್ಡ್ ಮಾತ್ರೆಗೆ ಹೊಟ್ಟೆಯಲ್ಲೇ ಅಂಟಿಕೊಂಡು ಅದು ರಕ್ತ ಸೇರದಂತೆ ಮಾಡುತ್ತದೆ. ನಾಲ್ಕು ಗಂಟೆ ಬಿಟ್ಟರೆ ಆ ತೊಂದರೆ ಇಲ್ಲ. ಶುರು ಮಾಡುವುದಾದರೆ ರಾತ್ರಿ ಊಟದ ಜೊತೆ ಎಂದು ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ರಕ್ತದ ವರದಿಯಲ್ಲಿ ಮೆಗ್ನೀಸಿಯಂ ಸರಿಯಾಗಿಯೇ ಇದೆ, ಡಬ್ಬಿ ಮುಚ್ಚಿಯೇ ಇದೆ.

ಅಷ್ಟರಲ್ಲಿ ಅಂಕಿಗಳು ಏರತೊಡಗಿದವು. 140, 142, 145. ವಾರದ ಸರಾಸರಿ 143/88, ಶುರುವಿಗಿಂತ ಹೆಚ್ಚು. ಚಹಾ ಹಾಗೇ ಇದೆ, ಮಾತ್ರೆ ತಪ್ಪಿಲ್ಲ. ಚಳಿಗೆ ರಕ್ತನಾಳ ಬಿಗಿದು ಬಿ.ಪಿ. ಏರುವುದು ಉಂಟು, ಜನವರಿಯ ಬೆಳಗಿನ ಚಳಿ ಇಲ್ಲಿ ಕಡಿಮೆಯದಲ್ಲ. ಆದರೆ ರಾತ್ರಿಯ ಅಳತೆ ಒಲೆಯ ಪಕ್ಕದ ಬೆಚ್ಚನೆಯ ಕೋಣೆಯಲ್ಲಿ ಆಗುತ್ತದೆ, ಅದೂ ಅಷ್ಟೇ ಏರಿತ್ತು. ಆ ವಾರ ಹೊಸದಾಗಿ ಏನು ತಿಂದಿರಿ ಅಂತ ಕೇಳುತ್ತ ಹೋದಾಗ ಸಿಕ್ಕಿತು: ಕೊಯ್ಲಿನವರ ಜೊತೆ ನಿಂತು ನಿಂತು ಮಂಡಿ ನೋವು, ಅದಕ್ಕೆ ದಿನಾ ಒಂದು ಡೈಕ್ಲೋಫೆನಾಕ್ ಮಾತ್ರೆ.

ಈ ಜಾತಿಯ ನೋವಿನ ಮಾತ್ರೆಗಳು ಮೂತ್ರಪಿಂಡ ಉಪ್ಪನ್ನು ಹಿಡಿದಿಟ್ಟುಕೊಳ್ಳುವಂತೆ ಮಾಡಿ ಬಿ.ಪಿ. ಏರಿಸುತ್ತವೆ, ಬಿ.ಪಿ. ಮಾತ್ರೆಯ ಕೆಲಸವನ್ನೇ ಮಂದ ಮಾಡುತ್ತವೆ. ಬಿ.ಪಿ. ಏರುವುದಕ್ಕಿಂತ ದೊಡ್ಡ ಅಪಾಯ ಮೂತ್ರಪಿಂಡಕ್ಕೆ. ಟೆಲ್ಮಿಸಾರ್ಟಾನ್, ಥಯಜೈಡ್, ನೋವಿನ ಮಾತ್ರೆ ಮೂರೂ ಸೇರಿದಾಗ, ಅದರಲ್ಲೂ ಬಿಸಿಲಲ್ಲಿ ನೀರು ಕಡಿಮೆ ಕುಡಿದ ದಿನ, ಮೂತ್ರಪಿಂಡಕ್ಕೆ ರಕ್ತದ ಒತ್ತಡವೇ ಸಾಲದೆ ಹೋಗಬಹುದು. ಡಾಕ್ಟರ್ ಅದೇ ದಿನ ನಿಲ್ಲಿಸಿದರು. ನೋವು ಜಾಸ್ತಿಯಾದ ದಿನ ಮಾತ್ರ ಪ್ಯಾರಸಿಟಮಾಲ್, ಜೊತೆಗೆ ಬಿಸಿ ಶಾಖ. ಎರಡು ವಾರದಲ್ಲಿ ಸರಾಸರಿ 132/82ಕ್ಕೆ ಮರಳಿತು, ಕ್ರಿಯಾಟಿನಿನ್ ಏರಿರಲಿಲ್ಲ. ಚಹಾ ಇಳಿಸಿದ್ದು ಐದಾರು, ನೋವಿನ ಮಾತ್ರೆ ಏರಿಸಿದ್ದು ಹತ್ತು. ಬಿ.ಪಿ. ಇಳಿಯುತ್ತಿಲ್ಲವೆಂದು ಚಹಾ ಹುಡುಕುವ ಮುಂಚೆ ಮನೆಯ ಮಾತ್ರೆ ಡಬ್ಬವನ್ನು ಪೂರ್ತಿ ಸುರಿದು ನೋಡಿ ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೇನೆ.

ಫೆಬ್ರವರಿ, ಬೆಳ್ಳುಳ್ಳಿ

ಬೆಳ್ಳುಳ್ಳಿಯ ಕಥೆ ಚಿಕ್ಕಪ್ಪನದು. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡವರು, ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್ ನುಂಗುತ್ತಾರೆ. ಅಮ್ಮನ ಪುಸ್ತಕ ನೋಡಿ ಬೆಳ್ಳುಳ್ಳಿಯ ಕ್ಯಾಪ್ಸೂಲ್ ಶುರು ಮಾಡುತ್ತೇನೆ ಅಂದರು. ಬೆಳ್ಳುಳ್ಳಿಯ ಸಾರ ಬಿ.ಪಿ. ಹೆಚ್ಚಿರುವವರಲ್ಲಿ ಇಳಿಕೆ ತರುತ್ತದೆಂದು ಹಲವು ಪರೀಕ್ಷೆಗಳು ತೋರಿಸಿವೆ. ಎಸಳನ್ನು ಜಜ್ಜಿದಾಗ ಹುಟ್ಟುವ ಅಲಿಸಿನ್‌ನಿಂದ ಬರುವ ಗಂಧಕದ ಅಂಶಗಳ ಕೆಲಸ ಅದು. ಆದರೆ ಅದೇ ಅಂಶಗಳು ರಕ್ತ ಹೆಪ್ಪುಗಟ್ಟಿಸುವ ಕಿರುಬಿಲ್ಲೆಗಳು ಒಂದಕ್ಕೊಂದು ಅಂಟಿಕೊಳ್ಳುವುದನ್ನೂ ತಡೆಯುತ್ತವೆ, ಚಿಕ್ಕಪ್ಪನ ಎರಡು ಮಾತ್ರೆಗಳು ಆಗಲೇ ಮಾಡುತ್ತಿರುವುದು ಅದನ್ನೇ. ಇದೂ ಅಂತರ ಇಟ್ಟು ಸರಿಪಡಿಸಲಾಗದ ಜೋಡಿ. ಬಿ.ಪಿ. ಯಂತ್ರದಲ್ಲಿ ಇದರ ಸುಳಿವೂ ಸಿಗುವುದಿಲ್ಲ. ಕಾರಣವಿಲ್ಲದ ನೀಲಿ ಕಲೆ, ಹಲ್ಲುಜ್ಜುವಾಗ ನಿಲ್ಲದ ರಕ್ತ, ಕಪ್ಪು ಮಲ, ಇವುಗಳಿಂದಲೇ ತಿಳಿಯಬೇಕು.

ಪಂದಿಕರಿಗೆ ಹಾಕುವ ಬೆಳ್ಳುಳ್ಳಿಗೆ ಯಾರೂ ಅಡ್ಡಿ ಹೇಳಿಲ್ಲ, ಬೇಯಿಸಿದಾಗ ಅದರ ಈ ಗುಣ ಬಹಳ ಕುಗ್ಗುತ್ತದೆ. ಕ್ಯಾಪ್ಸೂಲ್ ಮತ್ತು ಖಾಲಿ ಹೊಟ್ಟೆಯ ಹಸಿ ಬೆಳ್ಳುಳ್ಳಿ ಎರಡನ್ನೂ ಅವರ ಡಾಕ್ಟರ್ ಬೇಡ ಅಂದರು. ಈ ಮಾತ್ರೆಗಳಿಲ್ಲದೆ ಬೆಳ್ಳುಳ್ಳಿ ಕ್ಯಾಪ್ಸೂಲ್ ಮಾತ್ರ ನುಂಗುವವರೂ ಹಲ್ಲು ಕೀಳಿಸುವ ಅಥವಾ ಆಪರೇಷನ್ ಮಾಡಿಸುವ ಮುಂಚೆ ಡಾಕ್ಟರಿಗೆ ಹೇಳಬೇಕು, ಸಾಮಾನ್ಯವಾಗಿ ಒಂದೆರಡು ವಾರ ಮೊದಲೇ ನಿಲ್ಲಿಸಲು ಹೇಳುತ್ತಾರೆ.

ಮಾರ್ಚ್

ಚಹಾದ ಪಾಲು ಎಷ್ಟೆಂದು ನೋಡಲು ಅದೊಂದನ್ನೇ ಕೆಲವು ವಾರ ನಿಲ್ಲಿಸಿದೆವು, ಮಾತ್ರೆ ಎಂದಿನಂತೆ. ಸರಾಸರಿ 135/84ಕ್ಕೆ ಏರಿತು. ಈಗ ಬಿಸಿಲು ಏರಿದೆ, ಬಿಸಿಲಿಗೆ ಬಿ.ಪಿ. ತಾನಾಗಿಯೇ ಇಳಿಯಬೇಕಿತ್ತು, ಆದರೂ ಏರಿದೆ. ಆದ್ದರಿಂದ ಎರಡು ಲೋಟ ಚಹಾ ಅಮ್ಮನಿಗೆ ಮೂರು ನಾಲ್ಕು ಅಂಕಿ ಇಳಿಸುತ್ತಿದೆ ಎಂದು ಒಪ್ಪಿಕೊಳ್ಳುತ್ತೇನೆ. ಒಂದು ಮಾತ್ರೆ ಬಿಡುವಷ್ಟು ಇಳಿಕೆ ಅದಲ್ಲ. ಡಾಕ್ಟರೂ ಪುಸ್ತಕ ನೋಡಿ ಮಾತ್ರೆ ಹಾಗೇ ಇರಲಿ, ಬೇಕಿದ್ದರೆ ಚಹಾ ಎರಡು ಲೋಟ ಇರಲಿ ಅಂದರು. ಬೆಲ್ಲ, ಸಕ್ಕರೆ ಹಾಕುವ ಹಾಗಿಲ್ಲ. ಹುಳಿಗೆ ಹಲ್ಲು ಜುಮ್ಮೆನ್ನುವುದರಿಂದ ಕುಡಿದ ಮೇಲೆ ಬಾಯಿ ಮುಕ್ಕಳಿಸಬೇಕು. ತಂಗಿ ಗರ್ಭಿಣಿಯಾಗಿರುವುದರಿಂದ ಅವಳಿಗೆ ಈ ಚಹಾ ಕೊಡುತ್ತಿಲ್ಲ.

ಏಪ್ರಿಲ್‌ನಿಂದ ಮತ್ತೆ ಚಹಾ ಶುರು. ಉಪ್ಪಿನಕಾಯಿ ಮತ್ತು ಒಣಮೀನು ಇನ್ನು ವಾರಕ್ಕೊಮ್ಮೆ ಮಾತ್ರ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಲೆಕ್ಕ ಕೆಡುತ್ತದೆಂದು ಉಪ್ಪಿನ ಬದಲಾವಣೆಯನ್ನು ಈ ವಾರವೇ, ಚಹಾ ಇಲ್ಲದಿರುವಾಗಲೇ ಶುರು ಮಾಡಿದ್ದೇವೆ. ಸೋಡಿಯಂ, ಪೊಟ್ಯಾಸಿಯಂ, ಕ್ರಿಯಾಟಿನಿನ್ ಮತ್ತೆ ನೋಡಿಸುವುದು ಜೂನ್‌ನಲ್ಲಿ, ಹೊಸ ಪುಂಡಿ ಬೀಜ ಹಾಕುವ ಹೊತ್ತಿಗೆ.