ಉಪ್ಪು, ಸಕ್ಕರೆ, ಬೆಸುಗೆ ಸೀಸ: ಎಲ್‌ಇಡಿ ಪರೀಕ್ಷಕದ ದಿನಚರಿ

ಮೊದಲ ಭಾನುವಾರ

ಹತ್ತನೇ ತರಗತಿಯ ಮಗಳ ಪುಸ್ತಕದಲ್ಲಿ ಒಂದು ಕೋಷ್ಟಕವಿದೆ: ಅಯಾನಿಕ ಬಂಧವಾದರೆ ಕರಗುವ ಬಿಂದು ಹೆಚ್ಚು, ಕೋವೆಲೆಂಟ್ ಆದರೆ ಕಡಿಮೆ, ಲೋಹವಾದರೆ ವಿದ್ಯುತ್ ಹರಿಯುತ್ತದೆ. ಬಾಯಿಪಾಠ ಮಾಡುವ ಬದಲು ಮನೆಯಲ್ಲೇ ನೋಡೋಣ ಎಂದು ಹೊರಟೆವು. 9 ವೋಲ್ಟ್ ಬ್ಯಾಟರಿ, 470 ಓಮ್‌ನ ರೆಸಿಸ್ಟರ್, ಒಂದು ಕೆಂಪು ಎಲ್‌ಇಡಿ, ಎರಡು ಸೈಕಲ್ ಕಡ್ಡಿಗಳು. ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದರೆ ಸುಮಾರು 15 ಮಿಲಿಆಂಪಿಯರ್ ಹರಿದು ದೀಪ ಪೂರ್ತಿ ಹೊತ್ತುತ್ತದೆ.

ಮೊದಲ ಪರೀಕ್ಷೆಯೇ ಕೈಕೊಟ್ಟಿತು. ಉಪ್ಪಿನ ರಾಶಿಗೆ ಕಡ್ಡಿ ಚುಚ್ಚಿದರೆ ದೀಪ ಮಂಕಾಗಿ ಮಿಣುಕಿತು. ಘನರೂಪದ ಉಪ್ಪಿನಲ್ಲಿ ಹರಿಯಬಾರದು! ತಪ್ಪು ಉಪ್ಪಿನದಲ್ಲ, ಮಳೆಗಾಲದ್ದು. ಹರಳುಗಳ ಮೇಲೆ ತೇವದ ತೆಳುಪೊರೆ ಇತ್ತು, ಕರೆಂಟು ಅದರ ಮೂಲಕ ದಾಟುತ್ತಿತ್ತು. ಬಾಣಲೆಯಲ್ಲಿ ಹುರಿದು, ಬಿಸಿ ಆರುವ ಮೊದಲೇ ಮತ್ತೆ ನೋಡಿದೆವು. ಈಗ ದೀಪ ಪೂರ್ತಿ ಆರಿತ್ತು. ನೀರಿನಲ್ಲೂ ಇದೇ ಮೋಸ: ನಲ್ಲಿ ನೀರೇ ಮಂಕಾಗಿ ದೀಪ ಹಚ್ಚುತ್ತದೆ. ಹಾಗಾಗಿ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ತಂದೆ. ಅದರಲ್ಲಿ ಸಕ್ಕರೆ ಹಾಕಿದರೆ ಕತ್ತಲೆ, ಉಪ್ಪು ಹಾಕಿದರೆ ಬೆಳಕು.

“ಅಪ್ಪ, ಉಪ್ಪು ಕರಗಿತಲ್ಲ, ಹಾಗಾದರೆ ಕರಗುವ ಬಿಂದು ಕಡಿಮೆ ಅಂತಲ್ವಾ?” ಎಂದಳು. ತಪ್ಪು ಅವಳದ್ದಲ್ಲ. ನಮ್ಮ ಕನ್ನಡದಲ್ಲಿ ಉಪ್ಪು ನೀರಲ್ಲಿ ಕರಗುವುದೂ ಕರಗುವುದೇ, ಮೇಣ ಬಿಸಿಗೆ ಕರಗುವುದೂ ಕರಗುವುದೇ. ಮೊದಲನೆಯದರಲ್ಲಿ ನೀರಿನ ಅಣುಗಳು ಅಯಾನುಗಳನ್ನು ಒಂದೊಂದಾಗಿ ಸುತ್ತುವರಿದು ಬಿಡಿಸಿಕೊಂಡು ಹೋಗುತ್ತವೆ. ಎರಡನೆಯದರಲ್ಲಿ ಆ ಕೆಲಸವೆಲ್ಲ ಬಿಸಿಯದ್ದೇ, ಅದಕ್ಕೆ ಉಪ್ಪಿಗೆ 801 ಡಿಗ್ರಿ ಬೇಕು.

ಎರಡನೇ ಭಾನುವಾರ

801 ಡಿಗ್ರಿ ನಮ್ಮ ಗ್ಯಾಸ್ ಒಲೆಯ ಮೇಲಿನ ಚಮಚದಲ್ಲಿ ಆಗದ ಮಾತು. ಹಾಗಾಗಿ ಬೇಗ ಕರಗುವ ಅಯಾನಿಕ ಪದಾರ್ಥ ಬೇಕಾಯಿತು. ಪೆಟ್ಲುಪ್ಪು, ಅಂದರೆ ಪೊಟ್ಯಾಸಿಯಂ ನೈಟ್ರೇಟ್, 334 ಡಿಗ್ರಿಗೆ ಕರಗುತ್ತದೆ. ಹನಿ ನೀರಾವರಿಗೆ ಬಿಡುವ 13-0-45 ಗೊಬ್ಬರ ಅದೇ. ಇಲ್ಲೊಂದು ಎಚ್ಚರಿಕೆ: ಕಡ್ಡಿಯ ಬದಲು ಪೆನ್ಸಿಲ್ ಸೀಸ ಬಳಸಬೇಕೆಂದಿದ್ದೆ, ಕೈಬಿಟ್ಟೆ. ಪೆಟ್ಲುಪ್ಪಿಗೆ ಇಂಗಾಲ ಸೇರಿದರೆ ಮದ್ದಿನಪುಡಿಯ ದಾರಿ ಹಿಡಿದಂತೆ. ಸಕ್ಕರೆ ಸೇರಿದರೂ ಭಗ್ಗೆನ್ನುತ್ತದೆ. ಸಕ್ಕರೆಗೆ ಬೇರೆ ಚಮಚ, ಇದಕ್ಕೆ ಬೇರೆ. ಕೆಲಸ ಅಂಗಳದಲ್ಲಿ, ಕನ್ನಡಕ ಹಾಕಿ, ಉರಿ ಹಿಡಿದವನು ನಾನೊಬ್ಬನೇ.

ಒಂದು ಚಮಚ ಒಣ ಪೆಟ್ಲುಪ್ಪು, ಎರಡು ಕಡ್ಡಿ, ಕೆಳಗೆ ಸಣ್ಣ ಟಾರ್ಚ್ ಉರಿ. ಕಡ್ಡಿಗಳು ಚಮಚಕ್ಕೆ ತಾಗದಂತೆ ಹಿಡಿಯಬೇಕು. ಇಲ್ಲದಿದ್ದರೆ ಸ್ಟೀಲೇ ಕರೆಂಟು ಹರಿಸಿ ಮೋಸ ಮಾಡುತ್ತದೆ. ಅದನ್ನು ನಾನು ಮೊದಲ ಸಲ ಮಾಡಿ, ಖುಷಿಪಟ್ಟು, ಆಮೇಲೆ ನಾಚಿಕೊಂಡೆ. ಸರಿಯಾಗಿ ಹಿಡಿದಾಗ ಬಿಸಿಯಾದರೂ ದೀಪ ಆರಿಯೇ ಇತ್ತು. ಹರಳು ನೀರಿನಂತಾದ ಕ್ಷಣಕ್ಕೆ ಪಟ್ಟನೆ ಹೊತ್ತಿತು. ಉರಿ ತೆಗೆದೆ, ಮೇಲೆ ಬಿಳಿ ಕೆನೆ ಕಟ್ಟಿತು, ಗಟ್ಟಿಯಾಯಿತು, ದೀಪ ಆರಿತು. ಮೂರು ಸಲ ಮಾಡಿದೆವು, ಮೂರು ಸಲವೂ ಹಾಗೇ. ಗಟ್ಟಿಯಿದ್ದಾಗ ಅಯಾನುಗಳು ತಮ್ಮ ಜಾಗದಲ್ಲಿ ಸೆರೆ, ದ್ರವವಾದಾಗ ಅವೇ ಓಡಾಡುತ್ತವೆ.

ಸಕ್ಕರೆ 185ರ ಆಸುಪಾಸಿನಲ್ಲಿ ಕರಗಿ, ಕಂದಾಗಿ, ಪಾಕದ ವಾಸನೆ ಬಂತು. ದೀಪ ಮಾತ್ರ ಕತ್ತಲೆ. ಓಡಾಡಲು ವಿದ್ಯುದಾವೇಶವಿರುವ ಕಣಗಳೇ ಅಲ್ಲಿಲ್ಲ.

ಬೆಸುಗೆ ಸೀಸ (60/40 ತವರ-ಸೀಸದ್ದು) ಇನ್ನೂ ಸೋಜಿಗ. ಅದೂ 183ರಿಂದ 190ರೊಳಗೆ ಕರಗುತ್ತದೆ, ಬಹುತೇಕ ಸಕ್ಕರೆಯ ಸಾಲಿನಲ್ಲೇ! ಆದರೆ ದೀಪ ಗಟ್ಟಿಯಿದ್ದಾಗಲೂ ಕರಗಿದಾಗಲೂ ಪೂರ್ತಿ ಹೊತ್ತಿತು. ಎಲೆಕ್ಟ್ರಾನುಗಳಿಗೆ ದ್ರವವಾಗುವುದನ್ನು ಕಾಯುವ ಅಗತ್ಯವಿಲ್ಲ.

ಇಲ್ಲಿಗೆ ಕೋಷ್ಟಕದ ಮೊದಲ ಕಾಲಂ ಮೇಲೆ ನನಗೆ ಅನುಮಾನ ಬಂದಿದೆ. ಲೋಹಗಳಲ್ಲೇ ಪಾದರಸ ಮೈನಸ್ 39ಕ್ಕೆ ಕರಗುತ್ತದೆ, ಟಂಗ್‌ಸ್ಟನ್ 3422ಕ್ಕೆ. ಕೋವೆಲೆಂಟ್‌ನಲ್ಲಿ ಸಕ್ಕರೆ 185, ಮರಳು ಸುಮಾರು 1700. ಸಕ್ಕರೆಯಲ್ಲಿ ಬಿಸಿ ಮೊದಲು ಅಣುವಿನಿಂದ ಅಣುವನ್ನು ಬಿಡಿಸುತ್ತದೆ, ಒಳಗಿನ ಬಂಧ ಆಗ ಹಾಗೇ ಉಳಿದಿರುತ್ತದೆ. ಮರಳಿನಲ್ಲಿ ಬಿಡಿ ಅಣುವೇ ಇಲ್ಲ, ಬಂಧಗಳನ್ನೇ ಮುರಿಯಬೇಕು. ಬಂಧದ ಜಾತಿ ಹೇಳಲು ಥರ್ಮಾಮೀಟರ್‌ಗಿಂತ ನಮ್ಮ ದೀಪವೇ ವಾಸಿ, ಅದೂ ಗಟ್ಟಿ ಮತ್ತು ದ್ರವ ಎರಡರಲ್ಲೂ ನೋಡಿದರೆ. ಪೆನ್ಸಿಲ್ ಸೀಸ ಆ ನಂಬಿಕೆಗೂ ಅಡ್ಡ ಬಂತು: ಗ್ರಾಫೈಟ್ ಕೋವೆಲೆಂಟ್ ಆದರೂ ದೀಪ ಹೊತ್ತಿಸಿತು. ಅದರ ಪದರಗಳಲ್ಲಿ ಬಿಡುವಾಗಿ ಓಡಾಡುವ ಎಲೆಕ್ಟ್ರಾನುಗಳಿವೆ.

ಮೂರನೇ ಭಾನುವಾರ

ಲೋಹಕ್ಕೆ ಬಿಸಿ ತಾಗಿದರೆ ಏನಾಗುತ್ತದೆಂದು ಎಲ್‌ಇಡಿಗೆ ಗೊತ್ತಾಗುವುದಿಲ್ಲ, ಅದು ಹಾಗೇ ಉರಿಯುತ್ತದೆ. ಹಳೆಯ 60 ವ್ಯಾಟ್ ಬಲ್ಬ್ ಸಿಕ್ಕಿತು. ಆರಿಸಿ ಹೊರಗಿಟ್ಟ ಬಲ್ಬಿನ ತಣ್ಣನೆ ತಂತಿ ಮಲ್ಟಿಮೀಟರಿನಲ್ಲಿ 65 ಓಮ್ ಆಸುಪಾಸು ತೋರಿಸಿತು. 230 ವೋಲ್ಟಿಗೆ ಲೆಕ್ಕ ಹಾಕಿದರೆ ಉರಿಯುವಾಗ 882 ಓಮ್ ಬರುತ್ತದೆ. ಬಿಸಿಗೆ ಪೆಟ್ಲುಪ್ಪು ದಾರಿ ಬಿಟ್ಟುಕೊಟ್ಟರೆ ಟಂಗ್‌ಸ್ಟನ್ ದಾರಿ ಇಕ್ಕಟ್ಟು ಮಾಡುತ್ತದೆ: ನಡುಗುವ ಪರಮಾಣುಗಳು ಎಲೆಕ್ಟ್ರಾನುಗಳನ್ನು ಚದುರಿಸುತ್ತವೆ.

ಮುಂದಿನ ವಾರ ಗಾಜಿನ ಕಡ್ಡಿಯನ್ನು ಕೆಂಪಗೆ ಕಾಯಿಸಿ ನೋಡಬೇಕು. ಅದರೊಳಗಿನ ಸೋಡಿಯಂ ಅಯಾನುಗಳು ಚಲಿಸುತ್ತವಂತೆ, ಆದರೆ ನಮ್ಮ 9 ವೋಲ್ಟಿಗೆ ದೀಪ ಹೊತ್ತುವುದು ಕಷ್ಟ. ಮೀಟರ್ ಇಟ್ಟು ನೋಡುತ್ತೇವೆ.