ಎಡಗಡೆಯ ಪಟ್ಟಿ ಎಲ್ಲಿ ಹೋಯಿತು?

ಅಕ್ಕನ ಮಗಳು ಬಿ.ಕಾಂ. ಮುಗಿಸಿ ಹಾಸನದ ಒಂದು ಕಾಫಿ ಕ್ಯೂರಿಂಗ್ ಘಟಕದಲ್ಲಿ ಲೆಕ್ಕಪತ್ರ ನೋಡಿಕೊಂಡವಳು. ಬೆಂಗಳೂರಿನ ಕಂಪನಿಗಳಿಗೆ ಅರ್ಜಿ ಹಾಕುತ್ತಲೇ ಇದ್ದಳು, ಒಂದು ಕರೆಯೂ ಬರಲಿಲ್ಲ. ಕಳೆದ ಭಾನುವಾರ ಇನ್ನೊಂದು ಅರ್ಜಿ ತುಂಬುತ್ತಿದ್ದವಳು, "ಮಾಮ, ಇಲ್ಲಿ ನೋಡಿ, ನಾನು ಬರೆಯದೇ ಇದ್ದದ್ದು ಬಂದಿದೆ" ಎಂದಳು. ರೆಸ್ಯೂಮ್ ಏರಿಸಿದ ಕೂಡಲೇ ಅರ್ಜಿಯ ಖಾನೆಗಳು ತಾವಾಗಿ ತುಂಬಿಕೊಂಡಿದ್ದವು. ಕೆಲಸ ಮಾಡಿದ ಸಂಸ್ಥೆಯ ಖಾನೆಯಲ್ಲಿ "GST returns Coffee curing works" ಎಂದಿತ್ತು.

ರೆಸ್ಯೂಮ್ ಮಾಡಿಕೊಟ್ಟದ್ದು ಬಸ್ ನಿಲ್ದಾಣದ ಹತ್ತಿರದ ಡಿಟಿಪಿ ಅಂಗಡಿ. ಎಡಕ್ಕೆ ಬಣ್ಣದ ಪಟ್ಟಿ, ಅದರಲ್ಲಿ ಫೋಟೊ, ಫೋನ್ ಸಂಖ್ಯೆ, ಕೌಶಲ, ಭಾಷೆ. ಬಲಕ್ಕೆ ಅನುಭವ, ಓದು. ಕಣ್ಣಿಗೆ ಅಂದವಾಗಿಯೇ ಇತ್ತು. ಪಿಡಿಎಫ್‌ನಲ್ಲಿದ್ದ ಅಕ್ಷರಗಳನ್ನೆಲ್ಲ ಆಯ್ದು ನೋಟ್‌ಪ್ಯಾಡಿಗೆ ಅಂಟಿಸಿ ನೋಡಿದೆವು:

```
Tally Prime  Accounts Assistant
GST returns  Coffee curing works, Hassan
Kannada      June 2022 - March 2024
```

ಪಿಡಿಎಫ್‌ನಲ್ಲಿ ಸಾಮಾನ್ಯವಾಗಿ ಇರುವುದು ಯಾವ ಅಕ್ಷರ ಹಾಳೆಯ ಯಾವ ಜಾಗದಲ್ಲಿ ಎಂಬ ಲೆಕ್ಕ ಮಾತ್ರ. ಎರಡು ಪಟ್ಟಿಗಳ ನಡುವಿನ ಬಿಳಿ ಜಾಗ ನಮಗೆ ಗೋಡೆಯಂತೆ ಕಂಡರೂ ಕಂಪನಿಗಳಲ್ಲಿ ರೆಸ್ಯೂಮ್ ಓದಿ ಖಾನೆ ತುಂಬುವ ಕೆಲವು ತಂತ್ರಾಂಶಗಳು ಒಂದೇ ಎತ್ತರದಲ್ಲಿರುವುದನ್ನೆಲ್ಲ ಒಂದೇ ಸಾಲೆಂದು ಓದಿಬಿಡುತ್ತವೆ. ಅವಳು ದುಡಿದ ತಿಂಗಳುಗಳು ಹುದ್ದೆಯನ್ನು ಬಿಟ್ಟು ಕನ್ನಡ ಭಾಷೆಗೆ ಅಂಟಿಕೊಂಡದ್ದು ಹೀಗೆ. ಪಟ್ಟಿಗಳನ್ನು ಬೇರೆಯಾಗಿಯೇ ಗುರುತಿಸುವ ತಂತ್ರಾಂಶಗಳೂ ಇವೆ. ಆದರೆ ಯಾವ ಕಂಪನಿಯಲ್ಲಿ ಯಾವುದಿದೆಯೆಂದು ಅರ್ಜಿ ಹಾಕುವವರಿಗೆ ತಿಳಿಯುವುದಿಲ್ಲ.

ಕೆಲವು ಕಡೆಗೆ ಅವಳು ವರ್ಡ್ ಕಡತವನ್ನೇ ಕಳುಹಿಸಿದ್ದಳು. ಅದನ್ನು Plain Text ಆಗಿ ಉಳಿಸಿ ತೆರೆದರೆ ಎಡಗಡೆಯ ಪಟ್ಟಿಯೇ ಇಲ್ಲ! ಫೋನ್ ಸಂಖ್ಯೆ, ಟ್ಯಾಲಿ, ಜಿಎಸ್‌ಟಿ ಎಲ್ಲವೂ ಮಾಯ. ಆ ಪಟ್ಟಿ ಟೆಕ್ಸ್ಟ್ ಬಾಕ್ಸ್‌ನಲ್ಲಿತ್ತು. ವರ್ಡ್‌ನಲ್ಲಿ ಅಂಥ ಚೌಕ ಮುಖ್ಯ ಬರಹದ ಸಾಲಿಗೆ ಸೇರುವುದಿಲ್ಲ, ಚಿತ್ರದ ಹಾಗೆ ಒಂದು ವಾಕ್ಯವೃಂದಕ್ಕೆ ತಗುಲಿಕೊಂಡಿರುತ್ತದೆ. ಮುಖ್ಯ ಬರಹವನ್ನಷ್ಟೇ ಓದುವ ತಂತ್ರಾಂಶ ಅದನ್ನು ದಾಟಿ ಹೋಗುತ್ತದೆ. ಲೆಕ್ಕಪತ್ರದ ಹುದ್ದೆಗೆ ಟ್ಯಾಲಿ ಬಲ್ಲವರನ್ನು ಹುಡುಕಿದರೆ, ಟ್ಯಾಲಿಯಲ್ಲಿ ಪಳಗಿದ ಈ ಹುಡುಗಿಯ ಹೆಸರು ಬರುವುದಾದರೂ ಹೇಗೆ? ನನಗೆ ಹೊಟ್ಟೆ ಉರಿದದ್ದು ಅದಕ್ಕೇ.

ಸಂಜೆ ಅಂಗಡಿಗೆ ಹೋದಾಗ ಅವರು, "ಫೋಟೊ ಇಲ್ಲದಿದ್ದರೆ ಕಳೆ ಇರುವುದಿಲ್ಲ ಸಾರ್" ಎಂದರು. ನೇರ ಸಂದರ್ಶನಕ್ಕೆ ಕೈಯಲ್ಲಿ ಒಯ್ಯಲು ಅದೇ ಇರಲಿ, ಆನ್‌ಲೈನ್ ಅರ್ಜಿಗೆ ಬೇರೆ ಬೇಕು ಎಂದು ಒಪ್ಪಿಸಿದೆವು. ಹೊಸದರಲ್ಲಿ ಒಂದೇ ಪಟ್ಟಿ: ಮೊದಲು ಹೆಸರು, ಅದರ ಕೆಳಗೆ ಫೋನ್, ಮಿಂಚಂಚೆ. ಇವನ್ನು ಪುಟದ ಹೆಡರಿನಲ್ಲಿ ಹಾಕಲಿಲ್ಲ, ಅದನ್ನೂ ಓದದ ತಂತ್ರಾಂಶಗಳಿವೆ. ಆಮೇಲೆ ಹುದ್ದೆ, ಸಂಸ್ಥೆ, ಅವಧಿ ಒಂದರ ಕೆಳಗೊಂದು. ಮತ್ತೆ ನೋಟ್‌ಪ್ಯಾಡಿಗೆ ಅಂಟಿಸಿದಾಗ ಎಲ್ಲವೂ ಬರೆದ ಕ್ರಮದಲ್ಲೇ ಬಂದವು.

ಹಳೆಯ ಅರ್ಜಿಗಳ ವಿವರ ಆಯಾ ಜಾಲತಾಣಗಳಲ್ಲಿ ತಪ್ಪಾಗಿಯೇ ಉಳಿದಿತ್ತು. ರೆಸ್ಯೂಮ್ ಬದಲಿಸಿದರೂ ಮೊದಲು ತುಂಬಿಕೊಂಡ ಖಾನೆಗಳು ಎಲ್ಲ ಕಡೆಯೂ ತಾವಾಗಿ ಬದಲಾಗಲಿಲ್ಲ. ಆ ರಾತ್ರಿ ಅವಳು ಒಂದೊಂದಕ್ಕೂ ಲಾಗಿನ್ ಆಗಿ ಸಂಸ್ಥೆಯ ಹೆಸರು, ಅವಧಿ, ಫೋನ್ ಸಂಖ್ಯೆಗಳನ್ನು ಕೈಯಾರೆ ತಿದ್ದಿದಳು.